ಮಗುವಿನ ಲಸಿಕೆ ನೆನಪೋಲೆ

ಪ್ರಾಥಮಿಕ ಆರೋಗ್ಯ ಕೇಂದ್ರ, ಲಸಿಕಾ ಕೊಠಡಿ, ಮಂಡ್ಯ ಜಿಲ್ಲೆ

ಮಗು: ಗಂಡು. ಹುಟ್ಟಿದ ದಿನ: 05-01-2026, ಸೋಮವಾರ. ತೂಕ: 2.9 ಕೆ.ಜಿ.

ತಾಯಿಯವರಿಗೆ ನಮಸ್ಕಾರ.

ಹುಟ್ಟಿದ ದಿನವೇ ನಿಮ್ಮ ಮಗುವಿಗೆ ಬಿಸಿಜಿ (ಎಡ ತೋಳು), ಓಪಿವಿ-0 (ಬಾಯಿಗೆ 2 ಹನಿ), ಹೆಪಟೈಟಿಸ್-ಬಿ ಜನನ ಡೋಸ್ ಮೂರೂ ಆಗಿವೆ. ತಾಯಿ ಕಾರ್ಡಿನಲ್ಲಿ ಮೂರಕ್ಕೂ ತಾರೀಖು ಬರೆದಿದೆಯೇ ಎಂದು ಈಗಲೇ ನೋಡಿಕೊಳ್ಳಿ.

ಲಸಿಕೆ ದಿನ ಪ್ರತಿ ಗುರುವಾರ. ಹೆಸರು ಬರೆಸುವುದು ಬೆಳಿಗ್ಗೆ 9:30ರಿಂದ 12:30, ಲಸಿಕೆ 10:00ರಿಂದ ಮಧ್ಯಾಹ್ನ 1:00. ಲಸಿಕೆ ಆದಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು. ಬಸ್ಸಿನ ಸಮಯ ನೋಡುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

6 ವಾರ (ತುಂಬುವುದು ಫೆಬ್ರವರಿ 16)
ಬರಬೇಕಾದ ದಿನ: 19-02-2026, ಗುರುವಾರ
ಓಪಿವಿ-1, ರೋಟಾವೈರಸ್-1 (ಎರಡೂ ಬಾಯಿಗೆ), ಪೆಂಟಾವೇಲೆಂಟ್-1 (ಎಡ ತೊಡೆ), ಪಿಸಿವಿ-1 (ಬಲ ತೊಡೆ), ಎಫ್‌ಐಪಿವಿ-1 (ಬಲ ತೋಳು). ಒಂದೇ ದಿನ ಮೂರು ಸೂಜಿ ಎಂದು ಹೆದರಿ ಒಂದನ್ನು ಮುಂದಿನ ವಾರಕ್ಕೆ ಬಿಡಿಸಿಕೊಳ್ಳಬೇಡಿ. ಒಟ್ಟಿಗೆ ಕೊಡುವುದರಿಂದ ತೊಂದರೆಯಿಲ್ಲ, ಬಿಟ್ಟದ್ದು ಮಾತ್ರ ಮರೆತೇ ಹೋಗುತ್ತದೆ.

10 ವಾರ (ತುಂಬುವುದು ಮಾರ್ಚ್ 16)
ಬರಬೇಕಾದ ದಿನ: 20-03-2026, ಶುಕ್ರವಾರ
ಓಪಿವಿ-2, ರೋಟಾವೈರಸ್-2, ಪೆಂಟಾವೇಲೆಂಟ್-2. ಮಾರ್ಚ್ 19ರ ಗುರುವಾರ ಯುಗಾದಿ, ಕೇಂದ್ರಕ್ಕೆ ರಜೆ. ಅದಕ್ಕೇ ಮರುದಿನ, ಅದೇ ಸಮಯಕ್ಕೆ. ಈ ಸಲ ಪಿಸಿವಿ, ಎಫ್‌ಐಪಿವಿ ಇಲ್ಲ. ಸಿಸ್ಟರ್ ಮರೆತರೆಂದು ಗಾಬರಿಯಾಗಬೇಡಿ.

14 ವಾರ (ತುಂಬುವುದು ಏಪ್ರಿಲ್ 13)
ಬರಬೇಕಾದ ದಿನ: 23-04-2026, ಗುರುವಾರ
ಓಪಿವಿ-3, ರೋಟಾವೈರಸ್-3, ಪೆಂಟಾವೇಲೆಂಟ್-3, ಎಫ್‌ಐಪಿವಿ-2, ಪಿಸಿವಿ-2. ಏಪ್ರಿಲ್ 16ರ ಗುರುವಾರ ಬರಬೇಡಿ. ವಯಸ್ಸು 14 ವಾರ ದಾಟಿದ್ದರೂ, ಮಾರ್ಚ್ 20ರ ಪೆಂಟಾವೇಲೆಂಟ್‌-2ಕ್ಕೆ ಅಂದು 27 ದಿನ ಮಾತ್ರ ಆಗಿರುತ್ತದೆ. ಎರಡು ಡೋಸ್ ನಡುವೆ ಕನಿಷ್ಠ 4 ವಾರ, ಅಂದರೆ 28 ದಿನ ಬೇಕು. ಒಂದೇ ದಿನ ಕಡಿಮೆ ತಾನೇ ಎಂದು ಬಂದರೂ ವಾಪಸು ಕಳಿಸಬೇಕಾಗುತ್ತದೆ.

9 ತಿಂಗಳು (ತುಂಬುವುದು ಅಕ್ಟೋಬರ್ 5)
ಬರಬೇಕಾದ ದಿನ: 08-10-2026, ಗುರುವಾರ
ಎಂಆರ್-1 (ದಡಾರ-ರುಬೆಲ್ಲಾ, ಬಲ ತೋಳು), ಪಿಸಿವಿ ಬೂಸ್ಟರ್, ಎಫ್‌ಐಪಿವಿ-3, ವಿಟಮಿನ್-ಎ ಮೊದಲ ಡೋಸ್ (1 ಮಿ.ಲೀ., ಬಾಯಿಗೆ). ಮಂಡ್ಯ ಜಿಲ್ಲೆಯಲ್ಲಿ ಮಿದುಳು ಜ್ವರದ ಜೆಇ-1 ಕೂಡ ಇದೆ. ಅಂದು 11:00ರೊಳಗೆ ಬನ್ನಿ. ಎಂಆರ್ ಪುಡಿ ರೂಪದಲ್ಲಿ ಬರುತ್ತದೆ; ದ್ರಾವಣ ಬೆರೆಸಿದ 4 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಬೇಕು.

16 ತಿಂಗಳು (ತುಂಬುವುದು ಮೇ 5)
ಬರಬೇಕಾದ ದಿನ: 06-05-2027, ಗುರುವಾರ
ಎಂಆರ್-2, ಡಿಪಿಟಿ ಬೂಸ್ಟರ್-1, ಓಪಿವಿ ಬೂಸ್ಟರ್, ಜೆಇ-2, ವಿಟಮಿನ್-ಎ ಎರಡನೇ ಡೋಸ್ (2 ಮಿ.ಲೀ.).

ಡಿಪಿಟಿ ಬೂಸ್ಟರ್-2 ಇರುವುದು 5 ವರ್ಷ ತುಂಬಿದ ಮೇಲೆ.

ಬಾಣಂತನಕ್ಕೆ ತವರಿಗೆ ಹೋಗಿದ್ದರೆ ಲಸಿಕೆಗೆಂದೇ ಇಲ್ಲಿಗೆ ಓಡಿ ಬರಬೇಕಿಲ್ಲ. ಅಲ್ಲಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲೂ ಉಚಿತವಾಗಿ ಹಾಕುತ್ತಾರೆ. ತಾಯಿ ಕಾರ್ಡ್ ಮಾತ್ರ ಜೊತೆಯಲ್ಲಿರಲಿ, ಹಾಕಿದ ಡೋಸನ್ನು ಅದರಲ್ಲೇ ಬರೆಸಿ. ಅಲ್ಲಿನ ಲಸಿಕೆ ದಿನ ಬೇರೆ ಇರಬಹುದು, ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿ. ಅಲ್ಲಿ ದಿನ ಬದಲಾದರೆ 10, 14 ವಾರದ ಡೋಸ್‌ಗಳಿಗೆ ಮೇಲಿನ ತಾರೀಖುಗಳನ್ನು ಬಿಟ್ಟು, ಹಿಂದಿನ ಡೋಸಿನಿಂದ ಕನಿಷ್ಠ 28 ದಿನ ಎಣಿಸಿ.

ಬಿಸಿಜಿ ಹಾಕಿದ ಜಾಗದಲ್ಲಿ ಕೆಲವು ವಾರಗಳ ನಂತರ ಗುಳ್ಳೆ ಎದ್ದು, ಒಡೆದು, ಒಣಗಿ ಕಲೆ ಉಳಿಯುತ್ತದೆ. ಅದು ಸಹಜ. ಅರಿಶಿನ, ಸುಣ್ಣ, ಕಾಫಿ ಪುಡಿ, ಮುಲಾಮು ಏನನ್ನೂ ಹಚ್ಚಬೇಡಿ, ಹಿಸುಕಬೇಡಿ. ಎಣ್ಣೆ ನೀರು ಹಾಕುವ ಅಜ್ಜಿಗೂ ಹೇಳಿಡಿ: ಸೂಜಿ ಹಾಕಿದ ತೊಡೆ, ತೋಳನ್ನು ತಿಕ್ಕಬಾರದು. ಊತವಿದ್ದರೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುದ್ಧ ಬಟ್ಟೆ ಇಡಿ.

ಪೆಂಟಾವೇಲೆಂಟ್ ಆದ ರಾತ್ರಿ ಮೈ ಬಿಸಿಯಾಗುವುದು, ರಚ್ಚೆ ಹಿಡಿಯುವುದು ಸಾಮಾನ್ಯ. ಪ್ಯಾರಾಸಿಟಮಾಲ್ ಎಷ್ಟು ಎಂಬುದು ಮಗುವಿನ ತೂಕದ ಮೇಲೆ ನಿಲ್ಲುತ್ತದೆ. ಸಿಸ್ಟರ್ ಹೇಳಿದಷ್ಟೇ ಕೊಡಿ, ಅಕ್ಕನ ಮಗುವಿಗೆ ಕೊಟ್ಟ ಅಳತೆ ಬೇಡ. ಎದೆಹಾಲನ್ನು ಲಸಿಕೆಗೆ ಮುಂಚೆಯೂ ಆಮೇಲೂ ಕುಡಿಸಬಹುದು. ಫಿಟ್ಸ್, ಉಸಿರಾಟಕ್ಕೆ ಕಷ್ಟ, ಮಗು ಎಚ್ಚರವಾಗದಂತೆ ಸೊರಗುವುದು, ಬಿಡದೆ 3 ಗಂಟೆ ಅಳುವುದು, ಇವುಗಳಲ್ಲಿ ಯಾವುದೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಬನ್ನಿ. ಆಂಬುಲೆನ್ಸ್‌ಗೆ 108, ಆರೋಗ್ಯ ಸಲಹೆಗೆ 104.

ನೆಗಡಿ, ಸಣ್ಣ ಕೆಮ್ಮು ಇದ್ದರೂ ಲಸಿಕೆ ಹಾಕಿಸಬಹುದು. ಜ್ವರ ಜೋರಾಗಿದ್ದರೆ ಮನೆಯಲ್ಲೇ ತೀರ್ಮಾನಿಸದೆ ಮಗುವನ್ನು ಕರೆತಂದು ತೋರಿಸಿ. ಒಂದು ದಿನ ತಪ್ಪಿದರೆ ಮೊದಲಿನಿಂದ ಶುರು ಮಾಡುವುದಿಲ್ಲ, ನಿಂತಲ್ಲಿಂದ ಮುಂದುವರಿಸುತ್ತೇವೆ. ಮುಂದಿನ ಗುರುವಾರವೇ ಬನ್ನಿ.