ಬಡಿಯೋದು, ಮೀಟೋದು, ಜಗ್ಗೋದು: ಕಣ್ಣು-ಕೈ ಕಾಯೋ ಪಟ್ಟಿ

ಗೋಕುಲ ರೋಡ್ ಗ್ಯಾರೇಜ್, ಹುಬ್ಬಳ್ಳಿ. ವೈಸ್ ಟೇಬಲ್ ಮ್ಯಾಲಿನ ಗ್ವಾಡಿಗೆ.

ಈ ಪಟ್ಟಿ ಹಳೇ ಮಿಸ್ತ್ರಿಗೂ ಐತಿ, ನಿನ್ನೆ ಸೇರಿದ ಹುಡುಗಗೂ ಐತಿ. ಟಾರ್ಚ್ ಹಿಡಿದು ನಿಲ್ಲೋವನಿಗೆ ಇನ್ನೂ ಜಾಸ್ತಿ ಐತಿ. ಬಡಿಯೋವನು ಪೆಟ್ಟು ಯಾವಾಗ ಬೀಳತೈತಿ ಅಂತ ತಿಳಿದಿರತಾನ. ಟಾರ್ಚ್ ಹಿಡಿದವನಿಗೆ ಅದು ತಿಳಿಯೂದಿಲ್ಲ, ಅವನ ಮುಖಾನ ಹತ್ತರ ಇರತೈತಿ.

ಕೈ ಹಚ್ಚೋ ಮೊದಲ

☐ ಬಾಜೂ ಮುಚ್ಚಿದ ಚಷ್ಮಾ ಇಬ್ಬರೂ ಹಾಕ್ಕೊಂಡೀರಿ? ನಂಬರಿನ ಚಷ್ಮಾ ಲೆಕ್ಕಕ್ಕ ಬರೂದಿಲ್ಲ, ಅದರ ಮ್ಯಾಲೆ ದೊಡ್ಡ ಗಾಗಲ್ ಹಾಕ್ರಿ. ಹೊಸಾದು ತರುವಾಗ ಐಎಸ್ 5983 ಅಂತ ಬರದೈತೇನ ನೋಡ್ರಿ.

☐ ಉಂಗುರ, ಕಡಗ, ಗಡಿಯಾರ, ಕೈಗೆ ಕಟ್ಟಿದ ದಾರ ಎಲ್ಲಾ ತೆಗೆದು ಡಬ್ಬಿಗೆ ಹಾಕ್ರಿ.

☐ ಸುತ್ತಿಗಿ ತಲಿ ಅಲುಗಾಡಿದರ, ಕಾವು ಸೀಳಿದ್ದರ ಅದನ್ನ ಬದಿಗಿಡ್ರಿ. ಸೀಳಿದ ಕಾವು ಬದಲಿಸಿ, ಅಲುಗಾಡೋ ತಲಿಗೆ ಬೆಣಿ ಬಡಿದು ಗಟ್ಟಿ ಮಾಡಿದ ಮ್ಯಾಲೇನ ಮುಟ್ರಿ.

☐ ಉಳಿ, ಪಂಚಿನ ತಲಿ ಬಡಿದು ಬಡಿದು ಅರಳಿದ್ದರ ಆ ಅಂಚು ಸಿಡಿದು ಹಾರತೈತಿ. ಗ್ರೈಂಡರ್‌ಗೆ ಹಿಡಿದು ತಿಕ್ಕ್ರಿ. ಗ್ರೈಂಡರ್, ಡ್ರಿಲ್ ಮುಂದ ಮಾತ್ರ ಕೈಗೆ ಗ್ಲೌಸ್ ಬ್ಯಾಡ, ತಿರುಗೋ ಚಕ್ರ ಬಟ್ಟಿ ಹಿಡಿದು ಬೆರಳು ಒಳಗ ಎಳೀತೈತಿ.

☐ ಟ್ರ್ಯಾಕ್ಟರ್ ಹಬ್‌ಗೆ ಒಣಗಿದ ಎರಿ ಮಣ್ಣು ಹತ್ತಿದ್ದರ ಮೊದಲ ತಂತಿ ಬ್ರಷ್ ಹೊಡೀರಿ. ಅದೂ ಚಷ್ಮಾ ಹಾಕ್ಕೊಂಡ.

☐ ಗಾಡಿ ಬರೀ ಜ್ಯಾಕ್ ಮ್ಯಾಲೆ ಐತೇನ? ಸ್ಟ್ಯಾಂಡ್ ಕೊಡದ ಒಂದು ಪೆಟ್ಟೂ ಹೊಡೀಬ್ಯಾಡ್ರಿ.

ಬಡಿಯುವಾಗ

ಇಲ್ಲಿ ಎಲ್ಲಾಕಿಂತ ದೊಡ್ಡ ಅಪಾಯ ಬೇರಿಂಗ್‌ದು. ಬೇರಿಂಗ್ ರೇಸ್ ಗಟ್ಟಿ ಉಕ್ಕು, ಸುತ್ತಿಗಿ ಮುಖಾನೂ ಗಟ್ಟಿ ಉಕ್ಕು. ಗಟ್ಟಿಗೆ ಗಟ್ಟಿ ಬಡಿದರ ಬಾಗೂದಿಲ್ಲ, ಚೂರು ಆಗಿ ಸಿಡೀತೈತಿ. ಆ ಚೂರು ಸಣ್ಣದು, ಆದರ ಕಣ್ಣಿನ ಒಳಗ ಹೋಗುವಷ್ಟು ಜೋರ ಇರತೈತಿ. ಅದಕ್ಕ:

☐ ನಡುವ ಹಿತ್ತಾಳಿ ಅಥವಾ ತಾಮ್ರದ ತುಂಡು ಇಟ್ಟು ಬಡೀರಿ. ಅವು ಮೂಲಿ ರ‍್ಯಾಕ್‌ನ್ಯಾಗ ಅದಾವು.

☐ ಒಂದು ಸುತ್ತಿಗಿಗೆ ಇನ್ನೊಂದು ಸುತ್ತಿಗಿ ಎಂದೂ ಬಡೀಬ್ಯಾಡ್ರಿ. ಪಾನಾದ ಹಿಂಭಾಗಕ್ಕೂ ಬ್ಯಾಡ.

☐ ಉಳಿಯನ್ನ ಬೆರಳಿನಾಗ ಅಲ್ಲ, ಇಕ್ಕಳದಾಗ ಹಿಡೀರಿ. ಹಿಡಿಯೋ ಕೈಗೆ ಚರ್ಮದ ಗ್ಲೌಸ್.

☐ ಗಿರಾಕಿ ಬಗ್ಗಿ ನೋಡಾಕ ಬಂದರ ಕೆಲಸ ನಿಲ್ಲಿಸಿ, "ಅಣ್ಣಾರ, ಅಲ್ಲಿ ಕುರ್ಚಿ ಮ್ಯಾಲೆ ಕೂಡ್ರಿ" ಅನ್ರಿ. ಬ್ಯಾಸರಾ ಮಾಡ್ಕೊಂಡರೂ ಚಿಂತಿಲ್ಲ.

ಮೀಟುವಾಗ

☐ ಸ್ಕ್ರೂಡ್ರೈವರ್ ಮೀಟೋ ಸಾಮಾನ ಅಲ್ಲ, ತುದಿ ಮುರದು ಹಾರತೈತಿ. ಟಾಮಿ ತಗೋರಿ.

☐ ಟಾಮಿ ಜಾರಿದರ ಮುಷ್ಟಿ ಎಲ್ಲಿಗೆ ಬಡೀತೈತಿ? ಮೊದಲ ಆ ಜಾಗಾ ನೋಡಿಕೊಂಡು ನಿಲ್ರಿ. ಮುಖಾ ಟಾಮಿಯ ಸಾಲಿನಾಗ ಇರಬಾರದು.

☐ ಎರಡು ಭಾಗದ ನಡುವ ಬೆರಳು ತೂರಸಿ ತಪಾಸ ಮಾಡಬ್ಯಾಡ್ರಿ.

ಜಗ್ಗುವಾಗ, ಬಿಚ್ಚುವಾಗ

ಜಂಗು ಹಿಡಿದ ಬೋಲ್ಟಿಗೆ ಮೊದಲ ಎಣ್ಣಿ ಕೊಡ್ರಿ, ಚಾ ಕುಡದು ಬರ್ರಿ. ಎಣ್ಣಿ ಇಳಿಯಾಕ ಹೊತ್ತು ಬೇಕು. ಅವಸರಕ್ಕ ಪಾನಾಕ್ಕ ಪೈಪ್ ಹಾಕಿ ಜಗ್ಗಿದರ ಕೈ ಒಡಿತೈತಿ, ಇಲ್ಲಾ ಬೋಲ್ಟ್ ಮುರಿತೈತಿ.

☐ ರಿಂಗ್ ಪಾನಾ ಇಲ್ಲಾ ಸಾಕೆಟ್ ಹಾಕ್ರಿ, ನಮ್ಮ ಕಡೆ ಜಗ್ಗ್ರಿ. ಜಾಗಾ ಇಲ್ಲದ ದಬ್ಬಬೇಕಾದರ ಮುಷ್ಟಿ ಬಿಚ್ಚಿ ಅಂಗೈಲೆ ದಬ್ರಿ.

☐ ಬ್ರೇಕ್ ಡ್ರಮ್ ಬರದಿದ್ದರ ಮೊದಲ ಅಡ್ಜಸ್ಟರ್ ಸಡಿಲ ಮಾಡ್ರಿ. ಡ್ರಮ್ಮಿನ ಮುಖದಾಗ ಆಟಿ ಇರೋ ತೂತು ಇದ್ದರ ಅದಕ್ಕ ಬೋಲ್ಟ್ ತಿರುವ್ರಿ, ಡ್ರಮ್ ತಾನ ಹೊರಗ ಬರತೈತಿ. ಬಡಿಯೋ ಪ್ರಶ್ನೇನ ಇಲ್ಲ.

☐ ಬಾಲ್ ಜಾಯಿಂಟ್, ಟೈ ರಾಡ್ ಬಿಡಿಸುವಾಗ ನಟ್ ಪೂರಾ ತೆಗೀಬ್ಯಾಡ್ರಿ, ತುದಿಗೆ ಸ್ವಲ್ಪ ಆಟಿ ಹಿಡಿದಿರಲಿ. ಠಪ್ಪಂತ ಬಿಟ್ಟಾಗ ಭಾಗ ಕೈ ಮ್ಯಾಲೆ ಬೀಳೂದಿಲ್ಲ.

☐ ಪುಲ್ಲರ್ ಕಾಲು ಪೂರಾ ಕೂತಾವೇನ? ಸ್ಕ್ರೂ ನಟ್ಟನಡುವ ಐತೇನ? ಬಿಗಿ ಬಂದ ಮ್ಯಾಲೆ ಮುಂದ ನಿಲ್ಲಬ್ಯಾಡ್ರಿ, ಬಾಜೂಕ ನಿಲ್ರಿ. ದಪ್ಪ ಗೋಣಿಚೀಲಾ ಹೊಚ್ಚಿದರ ಇನ್ನೂ ಛಲೋ.

☐ ಬೆಂಕಿಲೆ ಕಾಸೋದಿದ್ದರ ಬಾಜೂಕ ಪೆಟ್ರೋಲ್, ಎಣ್ಣಿ ಸ್ಪ್ರೇ, ಎಣ್ಣಿ ಹತ್ತಿದ ಬಟ್ಟಿ ಇರಬಾರದು. ಶಾಕ್ ಅಬ್ಸಾರ್ಬರ್‌ಗೆ ಬೆಂಕಿ ಎಂದೂ ತೋರಸಬ್ಯಾಡ್ರಿ, ಸಿಡಿತೈತಿ.

ಪೆಟ್ಟಾದರ

☐ ಕಣ್ಣಾಗ ಚೂರು ಚುಚ್ಚಿದ್ದರ ತಿಕ್ಕಬ್ಯಾಡ್ರಿ, ತೊಳೀಬ್ಯಾಡ್ರಿ, ಕೀಳಬ್ಯಾಡ್ರಿ. ಕಾಗದದ ಕಪ್ ಒತ್ತಡ ಇಲ್ಲದ ಮುಚ್ಚಿ, ಕಿಮ್ಸ್‌ಗೆ ಇಲ್ಲಾ ಹತ್ತರದ ಕಣ್ಣಿನ ದವಾಖಾನಿಗೆ ಹೋಗ್ರಿ. ಗಾಡಿ ಇಲ್ಲದಿದ್ದರ 108.

☐ ಬಡಿಯುವಾಗ ಟಕ್ಕಂತ ತಾಗಿ, ನೋವು ಇಲ್ಲ, ಕಣ್ಣೂ ಕಾಣಸ್ತೈತಿ ಅಂದರೂ ಅದ ದಿನ ತೋರಸ್ರಿ. ಚೂರು ಒಳಗ ಹೋದರೂ ಮೊದಲ ಹೊತ್ತು ಏನೂ ಗೊತ್ತಾಗದ ಇರಬಹುದು. ಡಾಕ್ಟರಿಗೆ "ಕಬ್ಬಿಣಕ್ಕ ಕಬ್ಬಿಣ ಬಡಿಯಾಕಹತ್ತಿದ್ದೆ" ಅಂತ ಬಿಚ್ಚಿ ಹೇಳ್ರಿ. ಅದು ತಿಳಿದರ ಅವರು ಎಂಆರ್‌ಐ ಮಾಡಸೂದಿಲ್ಲ, ಅಯಸ್ಕಾಂತ ಚೂರನ್ನ ಎಳೆದು ಕಣ್ಣು ಕೆಡಿಸತೈತಿ.

☐ ಎಣ್ಣಿ, ಸ್ಪ್ರೇ, ಬ್ಯಾಟರಿ ಆ್ಯಸಿಡ್ ಕಣ್ಣಿಗೆ ಸಿಡಿದರ ಬೇರೆ ಮಾತು: ರೆಪ್ಪಿ ಬಿಡಿಸಿ ಹಿಡಿದು, ನಳದ ನೀರಿನ್ಯಾಗ 15–20 ನಿಮಿಷ ತೊಳೀರಿ, ಆಮ್ಯಾಲೆ ದವಾಖಾನಿ.

☐ ಬೆರಳು ಜಜ್ಜಿದರ, ಉಂಗುರ ಉಳಿದಿದ್ದರ ಬಾವು ಬರೋ ಮೊದಲ ತೆಗೀರಿ. ಗಾಯ ಆದರ ಟಿಟಿ ಕೇಳ್ರಿ.

ಗೀಚು ಬಿದ್ದ ಚಷ್ಮಾದಾಗ ಕಾಣೂದಿಲ್ಲ ಅಂತ ಅದನ್ನ ಹಣಿಗೆ ಏರಿಸಬ್ಯಾಡ್ರಿ. ಕೌಂಟರಿನ ಕೆಳಗಿನ ಡ್ರಾವರ್‌ನ್ಯಾಗ ಹೊಸಾವು ಅದಾವು, ಯಾರನ್ನೂ ಕೇಳದ ತಗೋರಿ.