ಇಪ್ಪತ್ಮೂರನೆಯ ಪ್ರಶ್ನೆ

ಲಿಂಗಸುಗೂರು ತಾಲ್ಲೂಕಿನ ಆ ಊರಿನಲ್ಲಿ ಸಾಲದ ಬಾಕಿಯನ್ನೂ ಹಿಂದಿನ ವರ್ಷದ ತೊಗರಿಯ ನಷ್ಟವನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಿದ್ದವರು, ಮನೆ ಮನೆಯ ಸಮೀಕ್ಷೆಗೆ ಬಂದಿದ್ದ ಶಾರದಾ ಟ್ಯಾಬ್ಲೆಟ್ ನೋಡಿ ಇಪ್ಪತ್ಮೂರನೆಯ ಪ್ರಶ್ನೆಯನ್ನು ಓದಿದೊಡನೆ ಚುಟುಕಾಗಿಬಿಡುತ್ತಿದ್ದರು. “ನಿಮ್ಮ ಕುಟುಂಬದ ಎಲ್ಲ ಸದಸ್ಯರೂ ಮಲವಿಸರ್ಜನೆಗೆ ಯಾವಾಗಲೂ ಶೌಚಾಲಯವನ್ನೇ ಬಳಸುತ್ತಾರೆಯೇ?” ಎಂಬುದು ಅಲ್ಲಿ ಮುದ್ರಿತವಾಗಿದ್ದ ವಾಕ್ಯ. ಹೆಂಗಸರು ಸೆರಗು ಸರಿಪಡಿಸಿಕೊಂಡು “ಹೂಂರಿ, ಬಳಸ್ತೀವಿ” ಎನ್ನುತ್ತಿದ್ದರು. ಗಂಡಸರಾದರೆ ಅಷ್ಟನ್ನೂ ಹೇಳದೆ ತಲೆಯಾಡಿಸಿ ಬೀಡಿ ಹುಡುಕುತ್ತಿದ್ದರು.

ಆದರೆ ಹಿತ್ತಲಿನಲ್ಲಿ ಕಾಣುತ್ತಿದ್ದುದೇ ಬೇರೆ. ಒಂದು ಮನೆಯ ಸಂಡಾಸದ ಬಾಗಿಲನ್ನು ತಂತಿಯಿಂದ ಬಿಗಿದು ಕಟ್ಟಿದ್ದರು, ಸಂದಿಯಿಂದ ತೊಗರಿ ಕಟ್ಟಿಗೆಯ ತುದಿಗಳು ಹೊರಚಾಚಿದ್ದವು, ಸಿಮೆಂಟ್ ತಗಡಿನ ಮೇಲೆ ಕುಳ್ಳು ಒಣಗುತ್ತಿದ್ದವು. 2019ರ ಅಕ್ಟೋಬರ್ 2ರಂದು ದೇಶದ ಹಳ್ಳಿಗಳೆಲ್ಲ ಬಯಲು ಶೌಚದಿಂದ ಮುಕ್ತವಾದವೆಂದು ಸರ್ಕಾರ ಘೋಷಿಸಿತ್ತು. 12,000 ರೂಪಾಯಿಯ ಸಹಾಯಧನ ಪಡೆದು, ಕಟ್ಟಿದ ಕೋಣೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡವರು ಈಗ “ಇಲ್ಲ” ಎನ್ನುವುದಾದರೂ ಹೇಗೆ? ಹಣವನ್ನು ವಾಪಸು ಕೇಳಿಯಾರೆಂಬ ಭಯವೂ ಇತ್ತು. ಆದರೆ ಭಯಕ್ಕಿಂತ ನಾಚಿಕೆಯೇ ದೊಡ್ಡದೆಂದು ಶಾರದಾಳಿಗೆ ಅನ್ನಿಸುತ್ತಿತ್ತು. ಆ ಪ್ರಶ್ನೆಗೆ ಮರ್ಯಾದಸ್ಥರು ಕೊಡಬಹುದಾದ ಉತ್ತರ ಒಂದೇ ಇತ್ತು.

ಮುದ್ರಿಸಿದ ಮಾತನ್ನು ಒಂದಕ್ಷರವೂ ಬದಲಿಸದೆ ಓದಬೇಕೆಂದು ತರಬೇತಿಯಲ್ಲಿ ಹೇಳಿದ್ದರು. ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಕೇಳಿದರೆ ಊರು ಊರುಗಳ ಲೆಕ್ಕವನ್ನು ಹೋಲಿಸಲಾಗದು ಎಂಬ ಕಾರಣವನ್ನು ಅವಳೂ ಒಪ್ಪಿದ್ದಳು. ಹಾಗಿದ್ದರೂ ಮೂರನೆಯ ವಾರ್ಡಿಗೆ ಬರುವ ಹೊತ್ತಿಗೆ ಅವಳು ಯಾರಿಗೂ ಹೇಳದೆ ಪ್ರಶ್ನೆಯನ್ನು ಬೇರೆ ಮಾಡಿಕೊಂಡಿದ್ದಳು. ಸರ್ಕಾರಿ ಯೋಜನೆಗಳ ಪ್ರಶ್ನೆಗಳ ಬೆನ್ನಿಗೇ ಬರುತ್ತಿದ್ದ ಅದನ್ನು ಹೊಲ, ದನಕರುಗಳ ಮಾತಿನ ನಡುವೆ ತಂದಳು; “ಎಲ್ಲರೂ”, “ಯಾವಾಗಲೂ” ಎಂಬ ಮಾತುಗಳನ್ನು ಬಿಟ್ಟಳು; ಕುಟುಂಬದ ಪಟ್ಟಿಯಲ್ಲಿದ್ದ ಒಬ್ಬೊಬ್ಬರ ಹೆಸರು ಹಿಡಿದು, ಎದುರಿಗೆ ಇಲ್ಲದವರಿಂದಲೇ ಆರಂಭಿಸಿದಳು.

“ಕೆಲವರು ಸಂಡಾಸಕ್ಕ ಹೋಗ್ತಾರ, ಕೆಲವರು ಚರಗಿ ತಗೊಂಡು ಹೊಲದ ಕಡಿ ಹೋಗ್ತಾರ. ನಿಮ್ಮ ದೊಡ್ಡ ಮಗ ನಿನ್ನಿ ಎಲ್ಲಿಗೆ ಹೋಗಿದ್ದನವ್ವಾ?”

ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಮುದುಕಿ ಕೈ ನಿಲ್ಲಿಸಲಿಲ್ಲ. “ಅವ ಹೊಲಕ್ಕ ಹೋಗ್ತಾನ. ನಾನೂ ಅಷ್ಟ. ಸೊಸಿ ಬಸುರಿ ಅದಾಳ, ಅಕಿ ಒಬ್ಬಾಕಿ ಇದರಾಗ ಹೋಗ್ತಾಳ. ಎಲ್ಲಾರೂ ಹೋದ್ರ ಗುಂಡಿ ತುಂಬ್ತೈತಿ, ತುಂಬಿದ ಮ್ಯಾಲೆ ತೆಗಿಯೋರು ಯಾರ ಯವ್ವಾ?”

ಶಾರದಾ ಇಪ್ಪತ್ಮೂರಕ್ಕೆ “ಇಲ್ಲ” ಎಂದು ಒತ್ತಿ, ಷರಾ ಕಾಲಮಿನಲ್ಲಿ ಯಾರು ಎಲ್ಲಿಗೆ ಹೋಗುತ್ತಾರೆಂಬುದನ್ನೂ ಗುಂಡಿಯ ಮಾತನ್ನೂ ಬರೆದಳು. ಗುಂಡಿ ತುಂಬಲು ವರ್ಷಗಳೇ ಬೇಕು. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಲೆಂದೇ ಎರಡು ಗುಂಡಿಗಳ ವ್ಯವಸ್ಥೆ ಇರುವುದು. ಆದರೆ ಅದನ್ನು ತಿಳಿಸಿ ಹೇಳುವುದು ಅವಳ ಕೆಲಸವಾಗಿರಲಿಲ್ಲ, ಹೇಳಲು ಹೊರಟಿದ್ದರೆ ಮುದುಕಿ ಮತ್ತೆ ಮರ್ಯಾದೆಯ ಉತ್ತರಕ್ಕೇ ಹಿಂದಿರುಗುತ್ತಿದ್ದಳು.

ಗುಟ್ಟು ಹೊರಬಿದ್ದದ್ದು ಮರುಪರಿಶೀಲನೆಯಲ್ಲಿ. ಬೇರೊಬ್ಬ ಹುಡುಗ ಅವೇ ಮನೆಗಳಿಗೆ ಹೋಗಿ ಮುದ್ರಿತ ಪ್ರಶ್ನೆಯನ್ನು ಓದಿದಾಗ, ಶಾರದಾ “ಇಲ್ಲ” ಎಂದು ಬರೆದಿದ್ದ ಕಡೆಯೆಲ್ಲ “ಹೌದು” ಬಂದಿತ್ತು. ಮನೆಗೇ ಹೋಗದೆ ಮರದ ನೆರಳಿನಲ್ಲಿ ಕುಳಿತು ಫಾರ್ಮು ತುಂಬುವವರನ್ನು ಹಿಡಿಯುವುದು ಇಂಥ ವ್ಯತ್ಯಾಸಗಳಿಂದಲೇ ಆದ್ದರಿಂದ, ಮೇಲ್ವಿಚಾರಕ ಬಸವರಾಜ ಸಂಜೆಯೇ ಬೈಕಿನಲ್ಲಿ ಬಂದಿಳಿದ.

ಅವಳು ಬದಲಿಸಿದ್ದನ್ನು ಒಪ್ಪಿಕೊಂಡಳು, ಕ್ಷಮೆ ಕೇಳಲಿಲ್ಲ. “ನಾಳೆ ನನ್ನ ಜೊತೆ ಬನ್ನಿ ಸರ್, ದೂರ ಕೂತು ಕೇಳಿರಿ” ಎಂದಷ್ಟೇ ಹೇಳಿದಳು.

ಅವನು ಕುಳಿತು ಕೇಳಿದ. ನಾಲ್ಕನೆಯ ಮನೆ ಮುಗಿದ ಮೇಲೆ, “ಮೊದಲು ಮುದ್ರಿತ ಪ್ರಶ್ನೆ ಓದು, ಆಮೇಲೆ ನಿನ್ನದು ಕೇಳು, ಎರಡೂ ಬರೆದುಕೋ” ಎಂದ.

“ಒಮ್ಮೆ ಹೌದು ಅಂದವರು ಆಮೇಲೆ ಸುಳ್ಳಾಗೋಕೆ ಒಪ್ಪಲ್ಲ ಸರ್. ಅದನ್ನ ಮೊದಲು ಓದಿದರೆ ನನ್ನದು ಕೆಡುತ್ತೆ.”

ಬಸವರಾಜ ಕಚೇರಿಗೆ ಫೋನು ಮಾಡಿ ಬಹಳ ಹೊತ್ತು ಮಾತನಾಡಿದ. ಉಳಿದ ಮನೆಗಳಲ್ಲಿ ಬೆಸ ಸಂಖ್ಯೆಯವಕ್ಕೆ ಮುದ್ರಿತ ಪ್ರಶ್ನೆ, ಸಮ ಸಂಖ್ಯೆಯವಕ್ಕೆ ಅವಳ ಪ್ರಶ್ನೆ, ಎರಡರ ಉತ್ತರಗಳನ್ನೂ ಬೇರೆ ಬೇರೆಯಾಗಿ ಇಡುವುದು ಎಂದು ತೀರ್ಮಾನವಾಯಿತು.

“ಅಂದರೆ ಅರ್ಧ ಊರು ಸುಳ್ಳು ಹೇಳೋದನ್ನ ನಾನು ಗೊತ್ತಿದ್ದೂ ಬರೆದುಕೊಳ್ಳಬೇಕಾ?”

“ಬೇಕು. ಇಲ್ಲದಿದ್ದರೆ ನಿನ್ನ ಪ್ರಶ್ನೆಯೇ ಸರಿ ಅಂತ ಅವರಿಗೆ ತೋರಿಸೋದು ಹೇಗೆ?”

ಶಾರದಾ ಮನೆಗಳ ಪಟ್ಟಿಯನ್ನು ತಿರುವಿ ನೋಡಿದಳು. “ಹಾಗಾದರೆ ಬೆಸ ಮನೆಗಳನ್ನ ಆ ಮರುಪರಿಶೀಲನೆ ಹುಡುಗನಿಗೇ ಕೊಡಿ ಸರ್. ಈಗ ನಾನು ಓದಿದರೆ ದನಿಯಲ್ಲೇ ಗೊತ್ತಾಗಿಬಿಡುತ್ತೆ.”