ಹೊಳೆ ನೋಡಿ ಬರೆದಿದ್ದಿರೇನು?

"ನದಿ ಪಾತ್ರದ ಜನರು ಆತಂಕ ಪಡುವ ಅಗತ್ಯವಿಲ್ಲ."

ಇದು ನಾನು ಬರೆದ ಸಾಲು. 2009ರ ಸೆಪ್ಟೆಂಬರ್ 30ರ ಸಂಜೆ, ಗದಗಿನ ನನ್ನ ಕೋಣೆಯಲ್ಲಿ ಕೂತು ಬರೆದೆ. ಅಧಿಕಾರಿಯೊಬ್ಬರು ಫೋನಿನಲ್ಲಿ ಹೇಳಿದ್ದರು. ಹೊಳೆಗೆ ಬಿಡುವ ನೀರು ಹಿಡಿತದಲ್ಲಿದೆ ಎಂದರು. ನಾನು ಮರುಪ್ರಶ್ನೆ ಕೇಳಲಿಲ್ಲ. ಮೇಲೊಂದು "ವರುಣನ ಆರ್ಭಟ" ಸೇರಿಸಿ, ಕೆಳಗೊಂದು "ಎಂದು ತಿಳಿದುಬಂದಿದೆ" ಹಚ್ಚಿ ಸುದ್ದಿ ಕಳಿಸಿದೆ. ಆಗ ನನಗೆ 48 ವರ್ಷ. ಇಪ್ಪತ್ತು ವರ್ಷ ಹೀಗೇ ಬರೆದಿದ್ದೆ.

ಮರುದಿನ ಮಧ್ಯಾಹ್ನವೂ ಮಳೆ ನಿಲ್ಲಲಿಲ್ಲ. ಆ ವರ್ಷ ಮಳೆಗಾಲದ ಮೊದಲ ತಿಂಗಳುಗಳಲ್ಲಿ ಹೊಲ ಒಣಗಿ ಬಿರುಕು ಬಿಟ್ಟಿದ್ದವು. ಆಗ ಬಾರದ ಮಳೆ ದಸರಾ ಮುಗಿದ ಮೇಲೆ ಎಲ್ಲ ಸೇರಿಸಿ ಬಂದಂತಿತ್ತು. ಒಂದು ಫೋಟೊ ಸಿಕ್ಕರೆ ಸಾಕು ಅಂತ ಬೈಕ್ ಹತ್ತಿ ಹೊಳೆಆಲೂರಿನ ಕಡೆ ಹೊರಟೆ. ಮಲಪ್ರಭೆಯ ದಂಡೆಯ ಒಂದು ಹಳ್ಳಿ ಮುಟ್ಟುವ ಹೊತ್ತಿಗೆ ಸಂಜೆ ಐದು. ಫೋಟೊ ತೆಗೆದು ತಿರುಗಿದರೆ, ನಾನು ಬಂದ ರಸ್ತೆಯೇ ಇರಲಿಲ್ಲ. ಕೆಂಪು ಮಿಶ್ರಿತ ಕಪ್ಪು ನೀರು ಅಡ್ಡಡ್ಡ ಹರಿಯುತ್ತಿತ್ತು.

"ಬೆಣ್ಣಿಹಳ್ಳ ಬಂತ್ರೀ," ಎಂದ ಒಬ್ಬ ಹುಡುಗ.

ಆ ಹಳ್ಳದ ಬಗ್ಗೆ ನಾನು ಅಧಿಕಾರಿಯನ್ನು ಕೇಳಿಯೇ ಇರಲಿಲ್ಲ. ಅಣೆಕಟ್ಟೆಗೆ ಗೇಟು ಇರುತ್ತದೆ, ಎಷ್ಟು ನೀರು ಬಿಟ್ಟರು ಅಂತ ಲೆಕ್ಕ ಇರುತ್ತದೆ. ಬೆಣ್ಣೆಹಳ್ಳಕ್ಕೆ ಗೇಟಿಲ್ಲ. ಹುಬ್ಬಳ್ಳಿ, ನವಲಗುಂದ ಕಡೆಯ ಎರೆಹೊಲಗಳ ನೀರನ್ನೆಲ್ಲ ಒಂದೇ ಸಲ ಹೊತ್ತು ತಂದು ಹೊಳೆಗೆ ಸುರಿಯುತ್ತದೆ. ಹೊಳೆಯೂ ತುಂಬಿದ್ದರೆ ಆ ನೀರು ಎಲ್ಲಿಗೆ ಹೋಗಬೇಕು? ಊರೊಳಗೇ ಬರುತ್ತದೆ. ದಂಡೆಯ ಮೇಲಿನ ಚಿಕ್ಕ ಮಕ್ಕಳಿಗೂ ಇದು ಗೊತ್ತಿತ್ತು.

ಆ ಭಾಗದಲ್ಲಿ ಹಳೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಮೂರು ದಿನದ ಮಳೆಗೆ ಮಾಳಿಗೆ ನೆನೆದು ಭಾರವಾಗಿತ್ತು. ಈಗ ಗೋಡೆಯ ಬುಡಕ್ಕೆ ನೀರು. ಸಿಮೆಂಟಿನ ಚಾವಣಿ ಇದ್ದದ್ದು ಶಾಲೆಗೆ ಮಾತ್ರ. ಏಣಿ ಹಚ್ಚಿ ಮೊದಲು ಮಕ್ಕಳನ್ನು ಹತ್ತಿಸಿದರು, ಆಮೇಲೆ ಬಾಣಂತಿಯೊಬ್ಬಳನ್ನು, ಆಮೇಲೆ ಮುದುಕರನ್ನು. ಎಂಟು ಗಂಟೆಗೆ ಚಾವಣಿಯ ಮೇಲೆ ಅರವತ್ತಕ್ಕೂ ಹೆಚ್ಚು ಜನ ಇದ್ದೆವು. ಶೀಗಿ ಹುಣ್ಣಿಮೆ ಎರಡು ಮೂರು ದಿನದಲ್ಲೇ ಇತ್ತು. ಮೋಡದ ಹಿಂದೆ ಚಂದ್ರ ಇದ್ದಿರಬೇಕು, ಪೂರ್ತಿ ಕತ್ತಲೆ ಆಗಲಿಲ್ಲ. ಆದರೆ ಯಾವುದು ಮನೆ, ಯಾವುದು ನೀರು ಅಂತ ಗುರುತು ಸಿಗುತ್ತಿರಲಿಲ್ಲ.

ಮೊದಲ ಸದ್ದು ಒಂಬತ್ತು ದಾಟಿದ ಮೇಲೆ ಕೇಳಿತು. 'ಧೊಪ್' ಅಂತ, ತುಂಬಿದ ಮೂಟೆ ಬಿದ್ದ ಹಾಗೆ.

ಎಲ್ಲರೂ ಸುಮ್ಮನಾದರು. ಆಮೇಲೆ ಒಂದು ಹೆಣ್ಣುಧ್ವನಿ ಮೆಲ್ಲಗೆ ಹೇಳಿತು: "ಅದು ಬಡಿಗ್ಯಾರ ಮನಿ."

ಸ್ವಲ್ಪ ಹೊತ್ತಿಗೆ ಮತ್ತೊಂದು. "ಗುಡಿ ಹಿಂದಿಂದು. ನಮ್ಮ ಸಣ್ಣಪ್ಪಂದು." ಹೀಗೆ ಹೇಳಿದವಳು ಅಳಲಿಲ್ಲ. ಸದ್ದು ಬಂದ ದಿಕ್ಕಿನಿಂದಲೇ ಅವರು ಮನೆ ಗುರುತು ಹಿಡಿಯುತ್ತಿದ್ದರು. ಮಾಳಿಗೆ ದೊಡ್ಡದೋ ಸಣ್ಣದೋ, ತೊಲೆ ಮುರಿಯಿತೋ ಗೋಡೆ ಕುಸಿಯಿತೋ, ಎಲ್ಲ ಅವರ ಕಿವಿಗೆ ತಿಳಿಯುತ್ತಿತ್ತು. ಹಗೇವಿಗೆ ನೀರು ನುಗ್ಗಿ ಒಳಗಿನ ಗಾಳಿ ಬುಳುಬುಳು ಹೊರಬಂದಾಗ ಒಬ್ಬ ತಾಯಿ, "ವರ್ಷದ ಜ್ವಾಳ ಹೋತು" ಎಂದಳು.

ನನ್ನ ಜೇಬಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ನೋಟ್‌ಬುಕ್ ಇತ್ತು. ಮೊಬೈಲಿನ ಬೆಳಕಿನಲ್ಲಿ ಬರೆಯತೊಡಗಿದೆ. 9.10, ಬಡಿಗೇರ ಮನೆ. 9.25, ಗುಡಿಯ ಹಿಂದಿನ ಮನೆ. 9.40, ಒಂದು ಹಗೇವು. ಯಾಕೆ ಬರೆಯುತ್ತಿದ್ದೇನೆ ಅಂತ ಗೊತ್ತಿರಲಿಲ್ಲ. ಕೈ ಸುಮ್ನೆ ಇರಲಿಲ್ಲ, ಅಷ್ಟೇ. ಬರೆಯುವುದು ನೋಡಿ ಜನ ತಾವಾಗಿಯೇ ಹೇಳತೊಡಗಿದರು. "ಅದು ಎರಡು ಅಂಕಣದ ಮನಿ, ಹಂಗ ಬರೀರಿ." "ಅಲ್ಲಿ ಆಕಳ ಇತ್ತು, ಅದನ್ನೂ ಬರೀರಿ."

ನನ್ನ ಪಕ್ಕದಲ್ಲಿ ಒಬ್ಬ ಅಜ್ಜ ಕೂತಿದ್ದ. ತಲೆಗೆ ಕಂಬಳಿಯ ಕೊಪ್ಪೆ. ಅವನ ಮುಖ ಪೂರ್ವದ ಕಡೆಗೇ ಇತ್ತು. ಅಲ್ಲಿಂದ ಆಗಾಗ ಗಂಟೆಯ ಸದ್ದು ಬರುತ್ತಿತ್ತು. ಎತ್ತಿನ ಕೊರಳ ಗಂಟೆ.

"ನಿಮ್ಮದಾ ಅಜ್ಜಾ?"

"ಹೂಂ. ಬೆಳಿಗ್ಗೆ ಎರಡೂ ಎತ್ತು ಬಿಚ್ಚಿ ದಿನ್ನಿ ಮ್ಯಾಲೆ ಹೊಡಕೊಂಡು ಹೊಂಟಿದ್ದೆ. ಚಾದ ಅಂಗಡ್ಯಾಗ ಹುಡುಗೂರು ಪೇಪರ್ ಓದಿ ಹೇಳಿದ್ರು. ಏನೂ ಆಗೂದಿಲ್ಲ, ಅಂಜಬ್ಯಾಡ್ರಿ ಅಂತ ಬಂದೈತಿ ಅಂದ್ರು. ಪೇಪರಿನ್ಯಾಗ ಬಂದೈತಿ ಅಂದ್ಮ್ಯಾಲೆ ಖರೇನ ಇರತೈತಿ ಅಂತ ಹೊಳ್ಳಿ ಬಂದೆ. ಎತ್ತು ಗ್ವಾದಲಿಗೆ ಕಟ್ಟಿದೆ. ಸೊಸಿಗೂ ಹೇಳ್ದೆ, ಗಂಟು ಬಿಚ್ಚವ್ವಾ ಅಂತ."

ನನ್ನ ಬಾಯಿ ಒಣಗಿತು. ಸುತ್ತಲೂ ಅಷ್ಟು ನೀರಿದ್ದೂ ಒಣಗಿತು.

ಸುಮ್ಮನಿದ್ದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅರ್ಧ ಗಂಟೆ ಹಾಗೇ ಕೂತಿದ್ದೆ. ಆಮೇಲೆ ಹೇಳಿದೆ. "ಅಜ್ಜಾ, ಅದನ್ನ ಬರೆದವನು ನಾನೇ."

ಅವನು ತಿರುಗಿ ನೋಡಿದ. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನುವವನ ಹಾಗೆ ಕೇಳಿದ:

"ಹೊಳಿ ನೋಡಿ ಬರದಿದ್ರೇನ್ರೀ?"

"ಇಲ್ಲಜ್ಜಾ."

ಅವನು ಮತ್ತೆ ಪೂರ್ವಕ್ಕೆ ಮುಖ ಮಾಡಿದ. ಮಾತಾಡಲಿಲ್ಲ. ಎರಡು ಗಂಟೆಗೆ ಸ್ವಲ್ಪ ಮುಂಚೆ ಗಂಟೆಯ ಸದ್ದು ನಿಂತಿತು. ಅದನ್ನು ಬರೆದುಕೊಳ್ಳಿ ಅಂತ ಅವನು ಹೇಳಲಿಲ್ಲ. ನಾನು ಬರೆದುಕೊಂಡೆ. 1.50.

ಬೆಳಗಾದಾಗ ಅಕ್ಟೋಬರ್ 2. ಸುತ್ತಲಿನ ನೀರಿನ ಬಣ್ಣ ಚಹಾದ ಹಾಗಿತ್ತು. ಮಧ್ಯಾಹ್ನದ ಮೇಲೆ ಇಳಿಯತೊಡಗಿತು. ಬಿಜಾಪುರ, ಬಾಗಲಕೋಟೆ, ರಾಯಚೂರು, ಎಲ್ಲ ಕಡೆ ಇದೇ ಕಥೆ, ಮಂತ್ರಾಲಯವೂ ಮುಳುಗಿದೆ ಅಂತ ಆಮೇಲೆ ತಿಳಿಯಿತು. ಆ ಹೊತ್ತಿಗೆ ನನಗೆ ಕಾಣುತ್ತಿದ್ದದ್ದು ಆ ಒಂದು ಊರು ಮಾತ್ರ.

ಸಂಜೆ ಫೋನ್ ಸಿಗ್ನಲ್ ಸಿಕ್ಕಿದ ಕಡೆ ನಿಂತು ಡೆಸ್ಕಿಗೆ ಸುದ್ದಿ ಓದಿ ಹೇಳಿದೆ. ಬರೀ ಗಂಟೆ ಮತ್ತು ಮನೆ. ಇಪ್ಪತ್ಮೂರು ಸಾಲು.

"ಇಂಟ್ರೋ ಎಲ್ಲಿ ಸಾರ್? ಮಲಪ್ರಭೆಯ ರೌದ್ರಾವತಾರ ಅಂತ ಹಾಕಲಾ?" ಆ ಕಡೆಯ ಹುಡುಗ ಕೇಳಿದ.

"ಬೇಡಪ್ಪ. 9.10ರಿಂದ ಶುರು ಮಾಡು."

ಕೊನೆಗೆ ಇನ್ನೊಂದು ಸಾಲು ಹೇಳಿದ್ದೆ. 'ಈ ವರದಿಗಾರ ಹಿಂದಿನ ದಿನದ ಸುದ್ದಿಯನ್ನು ಹೊಳೆ ನೋಡದೆ ಬರೆದಿದ್ದ.' ಅಚ್ಚಿನಲ್ಲಿ ಅದು ಬರಲಿಲ್ಲ. ಜಾಗ ಇರಲಿಲ್ಲ ಎಂದರು. ಆ ಸಾಲು ಇನ್ನೂ ನನ್ನ ಬಳಿ ಇದೆ, ನೋಟ್‌ಬುಕ್ಕಿನಲ್ಲಿ.

ಅಲ್ಲಿಂದ ಈಚೆಗೆ 'ಎನ್ನಲಾಗಿದೆ' ಬರೆಯಲಿಲ್ಲ. ಯಾರು ಅಂದರು, ಎಷ್ಟು ಗಂಟೆಗೆ ಅಂದರು, ಅವರು ನೋಡಿದ್ದರೋ ಕೇಳಿದ್ದರೋ, ಅದನ್ನು ಬರೆದೆ. ಸುದ್ದಿ ತಡವಾಗುತ್ತಿತ್ತು. ಬೈಸಿಕೊಂಡೆ. ಒಂದೆರಡು ಸಲ ಬೇರೆ ಪತ್ರಿಕೆಗಳಲ್ಲಿ ಮೊದಲು ಬಂತು. ಬರಲಿ ಅಂತ ಬಿಟ್ಟೆ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮತ್ತೆ ಉಕ್ಕಿತು. ನಿವೃತ್ತಿಗೆ ನನಗೆ ಸ್ವಲ್ಪವೇ ದಿನ ಉಳಿದಿತ್ತು. ಕತ್ತಲಿರುವಾಗಲೇ ಗದಗ ಬಿಟ್ಟೆ. ಆ ಊರಿನ ಕೆಲವರು ನೆರೆ ಸಂತ್ರಸ್ತರಿಗಾಗಿ ಎತ್ತರದಲ್ಲಿ ಕಟ್ಟಿದ ಆಸರೆ ಮನೆಗಳಿಗೆ ಹೋಗಿದ್ದರು. ಹೊಲ ದೂರವಾಗುತ್ತದೆ, ದನ ಕಟ್ಟಲು ಜಾಗವಿಲ್ಲ ಅಂತ ಉಳಿದವರು ಹಳೆಯ ಊರಲ್ಲೇ ಇದ್ದರು. ಅಜ್ಜ ಇರಲಿಲ್ಲ. ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವನ ಮೊಮ್ಮಗ ಶಾಲೆಯ ಮುಂದೆ ನಿಂತಿದ್ದ. ಎತ್ತುಗಳನ್ನು ಆಗಲೇ ದಿನ್ನೆಗೆ ಹೊಡೆದಿದ್ದ.

"ಪೇಪರಿನವರು ಏನಂತಾರ್ರೀ?" ಎಂದು ಕೇಳಿದ.

"ಇನ್ನೂ ಏನೂ ಅಂದಿಲ್ಲ. ನೋಡೋಣ ಬಾ."

ಇಬ್ಬರೂ ಒಂದು ಗಂಟೆ ಅಲ್ಲೇ ನಿಂತೆವು. ಆಮೇಲೆ ಮೊಬೈಲ್ ತೆಗೆದು ಟೈಪ್ ಮಾಡಿ ಕಳಿಸಿದೆ:

'ಬೆಳಿಗ್ಗೆ 6ಕ್ಕೆ ಶಾಲೆಯ ಎರಡು ಮೆಟ್ಟಿಲು ಮುಳುಗಿದ್ದವು. 7ಕ್ಕೆ ಮೂರು. ಬೆಣ್ಣೆಹಳ್ಳ ಇನ್ನೂ ಬಂದಿಲ್ಲ.'